ವಿದೇಶಿ ಅತಿಥಿಗಳು ಊಟಕ್ಕೆ ಬರುವಾಗ: ಏನು ಕೇಳಬೇಕು, ಏನು ಬಡಿಸಬೇಕು, ಹೇಗೆ ಸ್ವಾಗತಿಸಬೇಕು

"ಬೇರೆ ಬೇರೆ ದೇಶದವರು ಒಟ್ಟಿಗೆ ಬರುತ್ತಿದ್ದಾರೆ. ಅಡುಗೆ ಏನು ಮಾಡಲಿ? ಕೈ ಕುಲುಕಬೇಕಾ, ಬೇಡವಾ? ಅವರ ಭಾಷೆ ನನಗೆ ಬರಲ್ಲ, ನನ್ನ ಭಾಷೆ ಅವರಿಗೆ ಬರಲ್ಲ, ಏನು ಮಾಡಲಿ?" ಈ ಪ್ರಶ್ನೆ ನನಗೆ ಎಷ್ಟು ಸಲ ಬಂದಿದೆಯೋ ಲೆಕ್ಕವಿಲ್ಲ. ಕೇಳುವವರಿಗೆ ಹೆಚ್ಚಾಗಿ ಬೇಕಾಗಿರುವುದು ದೇಶವಾರು ಪಟ್ಟಿ. ಜಪಾನಿನವರಿಗೆ ಇದು, ಜರ್ಮನಿಯವರಿಗೆ ಅದು ಅಂತ.

ಆ ಪಟ್ಟಿ ನಾನು ಕೊಡುವುದಿಲ್ಲ. ಒಂದೇ ದೇಶದ ಇಬ್ಬರಲ್ಲಿ ಒಬ್ಬರು ಎಲ್ಲವನ್ನೂ ತಿನ್ನುತ್ತಾರೆ, ಇನ್ನೊಬ್ಬರು ಬೇರೆಯವರ ಮನೆಯ ತಟ್ಟೆಯನ್ನೂ ಮುಟ್ಟುವುದಿಲ್ಲ. ಪಾಸ್‌ಪೋರ್ಟ್ ನೋಡಿ ಹೊಟ್ಟೆ ಊಹಿಸಲು ಹೋದರೆ ಕೆಡುವುದೇ ಜಾಸ್ತಿ. ಬರುವ ವ್ಯಕ್ತಿಯನ್ನೇ ಸರಿಯಾದ ಪ್ರಶ್ನೆ ಕೇಳಬೇಕು, ಅದೂ ಮುಂಚೆಯೇ. ಪ್ರಶ್ನೆ ಕೇಳುವುದಕ್ಕೂ ಒಂದು ಕ್ರಮ ಇದೆ. ಒಂದು ರಾತ್ರಿಯ ಊಟವನ್ನು ಉದಾಹರಣೆಗೆ ಇಟ್ಟುಕೊಂಡು ಅದನ್ನು ಹೇಳುತ್ತೇನೆ.

ಬೇಕಾಗುವುದು ಇಷ್ಟೇ

ಒಂದು ದೊಡ್ಡ ಹಾಳೆ, ದಪ್ಪ ಅಕ್ಷರ ಬರೆಯುವ ಪೆನ್, ಅಂಗೈ ಅಗಲದ ಹತ್ತು ಕಾರ್ಡು, ಒಂದು ಹೊಸ ಚಾಕು, ತರಕಾರಿ ಹೆಚ್ಚಲು ಒಂದು ಹೊಸ ಮಣೆ, ಪಾತ್ರೆಗೊಂದರಂತೆ ಬಡಿಸುವ ಸೌಟು. ಇದರ ಜೊತೆಗೆ ಅತಿಥಿಗಳು ಬರುವುದಕ್ಕೆ ಒಂದು ವಾರ ಮೊದಲು ಹದಿನೈದು ನಿಮಿಷ ಬಿಡುವು. ಬಂದ ದಿನ ಬಾಗಿಲಲ್ಲಿ ನಿಂತು ಕೇಳಿದರೆ ತಡವಾಯಿತು. ಆಗ ಅವರು ಸಂಕೋಚಕ್ಕೆ "ಏನಾದರೂ ಪರವಾಗಿಲ್ಲ" ಎನ್ನುತ್ತಾರೆ, ನೀವು ಅದನ್ನು ನಂಬುತ್ತೀರಿ.

ಹಂತ 1: ಒಂದು ವಾರ ಮೊದಲು ಮೂರು ಪ್ರಶ್ನೆ ಕಳಿಸಿ

"ನಿಮಗೆ ಏನು ಇಷ್ಟ?" ಎಂದು ಕೇಳಬೇಡಿ. ಇಷ್ಟದ ಪಟ್ಟಿ ಬರುತ್ತದೆ. ಅಪಾಯದ ಪಟ್ಟಿ ಬರುವುದಿಲ್ಲ. ಪ್ರತಿಯೊಬ್ಬರಿಗೂ ಬೇರೆ ಬೇರೆಯಾಗಿ ಈ ಮೂರು ಪ್ರಶ್ನೆ ಕಳಿಸಿ:

1. ನೀವು ತಿನ್ನದೇ ಇರುವ, ಕುಡಿಯದೇ ಇರುವ ಪದಾರ್ಥಗಳು ಯಾವುವು?
2. ಕಾರಣ ಯಾವುದು: ಆರೋಗ್ಯವೋ, ಧರ್ಮವೋ, ನೀವೇ ಮಾಡಿಕೊಂಡ ನಿಯಮವೋ, ರುಚಿಯೋ?
3. ಆ ಪದಾರ್ಥ ಮುಟ್ಟಿದ ಪಾತ್ರೆಯಲ್ಲಿ, ಚಾಕುವಿನಲ್ಲಿ, ಎಣ್ಣೆಯಲ್ಲಿ ಬೇರೆ ಅಡುಗೆ ಮಾಡಿದರೆ ನೀವು ತಿನ್ನಬಹುದೇ?

ಮೂರನೆಯ ಪ್ರಶ್ನೆಯನ್ನು ಎಲ್ಲರೂ ಮರೆಯುತ್ತಾರೆ. ನಿಮ್ಮ ಅಡುಗೆಮನೆಯ ಕೆಲಸವನ್ನು ನಿಜವಾಗಿ ನಿರ್ಧರಿಸುವುದು ಮಾತ್ರ ಅದೇ. ಹಂದಿಮಾಂಸ ತಿನ್ನದ ಒಬ್ಬರಿಗೆ ತೊಳೆದ ಬಾಣಲೆ ಸಾಕು, ಇನ್ನೊಬ್ಬರಿಗೆ ಬಾಣಲೆಯೇ ಬೇರೆ ಬೇಕು. ಅದು ಅವರನ್ನು ಕೇಳದೆ ಗೊತ್ತಾಗುವುದಿಲ್ಲ.

ಎರಡನೆಯ ಪ್ರಶ್ನೆ ವಿಚಾರಣೆಯಂತೆ ಕೇಳಿಸಬಾರದು. "ಅಡುಗೆಗೆ ತಯಾರಿ ಮಾಡಿಕೊಳ್ಳಲು ಕೇಳುತ್ತಿದ್ದೇನೆ, ಹೇಳಲು ಇಷ್ಟವಿಲ್ಲದಿದ್ದರೆ ಬಿಡಿ" ಎಂಬ ಒಂದು ಸಾಲು ಸೇರಿಸಿ. ಗುಂಪಿನ ಮುಖ್ಯಸ್ಥರನ್ನು ಮಾತ್ರ ಕೇಳಿ ಸುಮ್ಮನಾಗಬೇಡಿ. ಅವರಿಗೆ ಜೊತೆಯವರ ಅಲರ್ಜಿ ಗೊತ್ತಿರುವುದೇ ಇಲ್ಲ.

ಹಂತ 2: ಉತ್ತರವನ್ನು ನಂಬುವ ಮೊದಲು ಪದ ಬಿಡಿಸಿ ನೋಡಿ

ಭಾಷೆಯ ಎಡವಟ್ಟು ಹೆಚ್ಚಾಗಿ ಶುರುವಾಗುವುದು ಇಲ್ಲಿ. "ವೆಜಿಟೇರಿಯನ್" ಎಂಬ ಒಂದು ಪದವನ್ನೇ ನೋಡಿ. ಕೆಲವರಿಗೆ ಅದರಲ್ಲಿ ಮೊಟ್ಟೆ ಸೇರುತ್ತದೆ. ಕೆಲವರು ಮೀನು ತಿನ್ನುತ್ತಲೇ ತಮ್ಮನ್ನು ಹಾಗೆ ಕರೆದುಕೊಳ್ಳುತ್ತಾರೆ. ಪೂರ್ವ ಏಷ್ಯಾದ ಬೌದ್ಧ ಸಂಪ್ರದಾಯದ ಕೆಲವರು ಮಾಂಸದ ಜೊತೆಗೆ ಈರುಳ್ಳಿ, ಬೆಳ್ಳುಳ್ಳಿಯನ್ನೂ ಬಿಡುತ್ತಾರೆ. "ವೀಗನ್" ಎಂದರೆ ಪ್ರಾಣಿಯಿಂದ ಬಂದ ಏನೂ ಬೇಡ ಎಂದು. ಹಾಲು, ಬೆಣ್ಣೆ, ಮೊಸರು, ಜೇನುತುಪ್ಪ ಯಾವುದೂ ಇಲ್ಲ.

ಒಮ್ಮೆ ನಾನೇ ಎಡವಿದ್ದೇನೆ. ಅತಿಥಿ ವೆಜಿಟೇರಿಯನ್ ಎಂದಿದ್ದರು, ನಾನು ಎಲ್ಲದಕ್ಕೂ ಬೆಣ್ಣೆ ಹಾಕಿದೆ. ಅವರು ಹೇಳಲು ಬಯಸಿದ್ದು ವೀಗನ್. ಎರಡು ದಿನ ಬರೀ ಅನ್ನ, ಹಣ್ಣು ತಿಂದು ಹೊರಟರು. ಒಂದು ಮಾತೂ ಆಡಲಿಲ್ಲ.

ಆದ್ದರಿಂದ ಪದ ಬಂದ ತಕ್ಷಣ ಒಂದೊಂದೇ ಪದಾರ್ಥ ಕೇಳಿ. ಮೊಟ್ಟೆ ತಿನ್ನುತ್ತೀರಾ? ಹಾಲು? ಮೀನು? ಮಾಂಸ ಬೇಯಿಸಿದ ನೀರಿನಲ್ಲಿ ಮಾಡಿದ ಸೂಪ್? ಕೊನೆಯದನ್ನು ಬಿಡಬೇಡಿ. ಸೂಪಿನಲ್ಲಿ ಮಾಂಸದ ತುಂಡು ಕಾಣದಿದ್ದರೆ ಅದು ಸಸ್ಯಾಹಾರ ಎಂದು ಅಡುಗೆಯವರೇ ಅಂದುಕೊಳ್ಳುವುದುಂಟು.

ಪ್ರಶ್ನೆಯನ್ನು "ತಿನ್ನುತ್ತೀರಾ?" ಎಂದೇ ಕೇಳಿ, "ತಿನ್ನಲ್ವಾ?" ಎಂದು ಬೇಡ. ಇದು ಸಣ್ಣ ವಿಷಯ ಅನ್ನಿಸಬಹುದು, ಆದರೆ ಊಟದ ಮೇಜಿನಲ್ಲಿ ಇದರಿಂದ ಆಗುವ ಗೊಂದಲ ದೊಡ್ಡದು. ಕನ್ನಡದಲ್ಲಿ "ಮೊಟ್ಟೆ ತಿನ್ನಲ್ವಾ?" ಎಂದರೆ, ತಿನ್ನದವರು "ಹೌದು, ತಿನ್ನಲ್ಲ" ಎನ್ನುತ್ತಾರೆ. ಜಪಾನೀಸ್, ಕೊರಿಯನ್ ಭಾಷೆಗಳಲ್ಲೂ ಹೀಗೆಯೇ. ಇಂಗ್ಲಿಷಿನಲ್ಲಿ ಅದೇ ಪ್ರಶ್ನೆಗೆ ತಿನ್ನದವರ ಉತ್ತರ "ನೋ". ಈಗ ಯೋಚಿಸಿ: ನೀವು ಇಂಗ್ಲಿಷಿನಲ್ಲಿ "ತಿನ್ನಲ್ವಾ?" ಎಂದು ಕೇಳಿದಿರಿ, ಜಪಾನಿನ ಅತಿಥಿ "ಎಸ್" ಎಂದರು. ಅವರು ತಿನ್ನುತ್ತಾರೋ ಇಲ್ಲವೋ? ಆ ಒಂದು ಪದದಿಂದ ಹೇಳಲು ಸಾಧ್ಯವೇ ಇಲ್ಲ.

ಇನ್ನೊಂದು ಮಾತು. ಜಪಾನೀಸಿನ "ಹೈ" ಎಂಬ ಪದಕ್ಕೆ ಹೌದು ಎಂಬ ಅರ್ಥವಿದೆ. ಆದರೆ ಮಾತಿನ ನಡುವೆ ಅದು ನಮ್ಮ "ಹ್ಞೂಂ" ಇದ್ದಂತೆ. ಕೇಳಿಸಿಕೊಳ್ಳುತ್ತಿದ್ದೇನೆ ಎಂದಷ್ಟೇ, ಒಪ್ಪಿದೆ ಎಂದಲ್ಲ.

"ಅರ್ಥ ಆಯ್ತಾ?" ಎಂದು ಕೇಳುವುದರಿಂದಲೂ ಪ್ರಯೋಜನವಿಲ್ಲ. ಅರ್ಥ ಆಗದವರೂ ಆಯ್ತು ಎನ್ನುತ್ತಾರೆ. ಬದಲಿಗೆ ನೀವು ತಿಳಿದುಕೊಂಡದ್ದನ್ನು ಅವರಿಗೆ ವಾಪಸ್ ಬರೆಯಿರಿ: "ನಾನು ಹೀಗೆ ಬರೆದುಕೊಂಡಿದ್ದೇನೆ. ಮೀನು ಸರಿ. ಮೊಟ್ಟೆ ಸರಿ. ಕೋಳಿ ಬೇಡ. ತಪ್ಪಿದ್ದರೆ ತಿದ್ದಿ." ತಿದ್ದುವುದು ಜನರಿಗೆ ಸುಲಭ, ವಿವರಿಸುವುದು ಕಷ್ಟ.

ಅನುವಾದದ ಆ್ಯಪ್ ಬಳಸುವುದಾದರೆ ಕರ್ತೃವನ್ನು ಬಿಡದೆ ಬರೆಯಿರಿ. "ನಾಳೆ ಬರ್ತೀನಿ, ತಂದುಕೊಡ್ತೀನಿ" ಎಂದರೆ ನಮಗೆ ಯಾರು, ಏನು, ಯಾರಿಗೆ ಎಲ್ಲವೂ ಗೊತ್ತಾಗುತ್ತದೆ. ಆ್ಯಪಿಗೆ ಗೊತ್ತಾಗುವುದಿಲ್ಲ. "ನಾನು ನಾಳೆ ಬೆಳಿಗ್ಗೆ 8 ಗಂಟೆಗೆ ನಿಮಗೆ ಟಿಕೆಟ್ ತಂದುಕೊಡುತ್ತೇನೆ" ಎಂದು ಪೂರ್ತಿ ಬರೆಯಿರಿ. ಬಂದ ಅನುವಾದವನ್ನು ಮತ್ತೆ ಕನ್ನಡಕ್ಕೆ ತಿರುಗಿಸಿ ನೋಡಿ. ಅರ್ಥ ಕೆಟ್ಟಿದ್ದರೆ ಅಲ್ಲೇ ಕಾಣುತ್ತದೆ.

ದಿನಾಂಕದಲ್ಲಿ ತಿಂಗಳ ಹೆಸರನ್ನು ಅಕ್ಷರದಲ್ಲಿ ಬರೆಯಿರಿ. 4/5 ಎಂದರೆ ಅಮೆರಿಕದವರಿಗೆ ಏಪ್ರಿಲ್ 5, ಯುರೋಪಿನ ಬಹುತೇಕರಿಗೆ ಮೇ 4. ಗಂಟೆಯನ್ನು 19:30 ಎಂಬಂತೆ ಬರೆಯಿರಿ. ಇಂಗ್ಲಿಷಿನ ಆಡುಮಾತಿನಲ್ಲಿ "ಹಾಫ್ ಸೆವೆನ್" ಎಂದರೆ ಏಳೂವರೆ. ಜರ್ಮನಿನಲ್ಲಿ ಅದೇ ರೀತಿ ಹೇಳುವ "ಹಾಲ್ಬ್ ಸೀಬೆನ್" ಎಂದರೆ ಆರೂವರೆ, ಅಂದರೆ ಏಳರ ಕಡೆಗೆ ಅರ್ಧ. ನೀವು ಸ್ನಾನಕ್ಕೆ ಹೋದ ಹೊತ್ತಿಗೆ ಅತಿಥಿ ಬಾಗಿಲು ತಟ್ಟುತ್ತಾರೆ.

ಹಂತ 3: ಹಾಳೆಯ ಮೇಲೆ ನಾಲ್ಕು ಸಾಲು ಎಳೆಯಿರಿ

ಉತ್ತರಗಳನ್ನು ನಾಲ್ಕು ಗುಂಪು ಮಾಡಿ: ಪ್ರಾಣಕ್ಕೆ ಅಪಾಯ ಅಥವಾ ಕಾಯಿಲೆ, ಧರ್ಮ, ಸ್ವಂತ ನಿಯಮ, ರುಚಿ. ಮೊದಲ ಮೂರರಲ್ಲಿ ರಾಜಿ ಇಲ್ಲ. ನಾಲ್ಕನೆಯದರಲ್ಲಿ ನಿಮ್ಮ ಅನುಕೂಲ ನೋಡಬಹುದು.

ಮೊದಲ ಗುಂಪಿನಲ್ಲಿ ಎರಡು ಬಗೆ ಇವೆ, ಬೆರೆಸಬೇಡಿ. ಒಂದು ಅಲರ್ಜಿ. ಕಡಲೆಕಾಯಿಯಂಥ ಪದಾರ್ಥದ ಸ್ವಲ್ಪವೇ ಅಂಶ ಹೋದರೂ ಕೆಲವರಿಗೆ ನಿಮಿಷಗಳಲ್ಲಿ ಉಸಿರು ಕಟ್ಟಬಹುದು. ಇನ್ನೊಂದು ಸೀಲಿಯಾಕ್ ಕಾಯಿಲೆ. ಗೋಧಿ, ಬಾರ್ಲಿ, ರೈ ಧಾನ್ಯಗಳಲ್ಲಿರುವ ಗ್ಲುಟೆನ್ ಎಂಬ ಅಂಟು ಪ್ರೋಟೀನಿಗೆ ಕರುಳು ಹಾಳಾಗುವ ಕಾಯಿಲೆ ಇದು. ಇಲ್ಲಿ ಆ ಕ್ಷಣಕ್ಕೆ ಏನೂ ಕಾಣದೇ ಇರಬಹುದು. ಅದಕ್ಕೇ "ನೋಡಿ, ತಿಂದರೂ ಏನೂ ಆಗಲಿಲ್ಲ" ಎಂಬ ಮಾತು ಅಪಾಯಕಾರಿ. ಕಾಣದಿದ್ದರೂ ಒಳಗೆ ಹಾನಿ ಆಗಿರುತ್ತದೆ.

ಅಲರ್ಜಿ ಎಂದರೆ ಕಡಲೆಕಾಯಿ, ಹಾಲು, ಮೊಟ್ಟೆ ಇಷ್ಟೇ ಅಂದುಕೊಂಡಿದ್ದರೆ ಪಟ್ಟಿ ದೊಡ್ಡದು ಮಾಡಿಕೊಳ್ಳಿ. ಯುರೋಪಿಯನ್ ಒಕ್ಕೂಟದ ನಿಯಮದಲ್ಲಿ ಕಡ್ಡಾಯವಾಗಿ ಹೇಳಲೇಬೇಕಾದ ಅಲರ್ಜಿ ಪದಾರ್ಥಗಳು 14. ಅದರಲ್ಲಿ ಸಾಸಿವೆ, ಎಳ್ಳು, ಸೆಲರಿ ಎಂಬ ಸೊಪ್ಪೂ ಇವೆ. ಅಮೆರಿಕದ ಪಟ್ಟಿಯಲ್ಲಿ 9 ಇವೆ. ಅಲ್ಲಿ ಎಳ್ಳು ಸೇರಿದ್ದು 2023ರಿಂದ. ಅಡುಗೆಗೆ ಒಂದು ಚಿಟಿಕೆ ಹಾಕಿ ಮರೆತುಬಿಡುವ ಪದಾರ್ಥಗಳೇ ಇವು.

ಹಂತ 4: ಎಲ್ಲರಿಗೂ ಸಲ್ಲುವ ಅಡುಗೆಯಿಂದ ಶುರು ಮಾಡಿ

ಈಗ ಉದಾಹರಣೆ. ಗುರುವಾರ ರಾತ್ರಿ 19:30ಕ್ಕೆ ಐದು ಜನ ಬರುತ್ತಾರೆ. ಮೂರು ಪ್ರಶ್ನೆಗೆ ಬಂದ ಉತ್ತರ ಹೀಗಿದೆ:

- ಮಲೇಷ್ಯಾದ ಮಹಿಳೆ: ಹಲಾಲ್ ಮಾತ್ರ. ತೊಳೆದ ಪಾತ್ರೆ ಆಗಬಹುದು.
- ಇಸ್ರೇಲಿನ ಹಿರಿಯರು: ಕೋಷರ್, ಕಟ್ಟುನಿಟ್ಟು. ಬೇರೆಯವರ ಪಾತ್ರೆ ಆಗುವುದಿಲ್ಲ.
- ಜಪಾನಿನ ದಂಪತಿ: ಗಂಡ ಎಲ್ಲ ತಿನ್ನುತ್ತಾರೆ. ಹೆಂಡತಿ "ವೆಜಿಟೇರಿಯನ್". ಬಿಡಿಸಿ ಕೇಳಿದಾಗ ಮೀನು ಸರಿ, ಮಾಂಸ ಬೇಡ ಎಂದರು.
- ಜರ್ಮನಿಯ ಯುವಕ: ಸೀಲಿಯಾಕ್. ಗೋಧಿ ಮುಟ್ಟಿದ ಚಾಕುವೂ ಆಗುವುದಿಲ್ಲ.

ಹಲಾಲ್ ಎಂದರೆ ಇಸ್ಲಾಂ ಅನುಮತಿಸಿದ್ದು. ಹಂದಿ, ರಕ್ತ, ಮದ್ಯ ನಿಷಿದ್ಧ. ಉಳಿದ ಮಾಂಸವೂ ಧಾರ್ಮಿಕ ವಿಧಿಯಂತೆ ಕೊಯ್ದದ್ದಾಗಿರಬೇಕು. ಕೋಷರ್ ಎಂದರೆ ಯಹೂದಿ ಧರ್ಮದ ಆಹಾರ ನಿಯಮಕ್ಕೆ ಒಪ್ಪುವುದು. ಹಂದಿ ಇಲ್ಲ, ಸಿಗಡಿ, ಏಡಿ ಇಲ್ಲ. ಮೀನಿಗೆ ರೆಕ್ಕೆಯೂ ಹುರುಪೆಯೂ ಇರಬೇಕು. ಮಾಂಸ ಮತ್ತು ಹಾಲನ್ನು ಸೇರಿಸುವಂತಿಲ್ಲ, ಎರಡಕ್ಕೂ ಪಾತ್ರೆಗಳೇ ಬೇರೆ.

ಐದು ಜನಕ್ಕೆ ಐದು ಅಡುಗೆ ಮಾಡಲು ಹೊರಟರೆ ನೀವು ಸೋತಿರಿ. ಮೊದಲು ಎಲ್ಲ ನಿಷೇಧಗಳನ್ನೂ ಒಟ್ಟಿಗೆ ದಾಟುವ ಒಂದು ಅಡಿಪಾಯ ಹಾಕಿ. ಅನ್ನ, ಬೇಯಿಸಿದ ಬೇಳೆ, ಎರಡು ಬಗೆ ತರಕಾರಿ, ಹಸಿ ಸಲಾಡ್, ಹಣ್ಣು. ಮಾಂಸವಿಲ್ಲ, ಹಾಲಿಲ್ಲ, ಮದ್ಯವಿಲ್ಲ, ಗೋಧಿ ಇಲ್ಲ. ಐವರಲ್ಲಿ ನಾಲ್ವರಿಗೆ ಇಷ್ಟರಲ್ಲೇ ಊಟ ಆಯಿತು. ಇದರ ಮೇಲೆ ಒಂದೆರಡು ತಿನಿಸನ್ನು ಬೇರೆ ಪಾತ್ರೆಯಲ್ಲಿ ಸೇರಿಸಿ: ದಂಪತಿಗೆ ಹುರಿದ ಮೀನು, ಬೇಕೆನ್ನುವವರಿಗೆ ಬ್ರೆಡ್.

ಇಲ್ಲಿ ಮೂರು ಬಲೆಗಳಿವೆ.

ಮೊದಲನೆಯದು ಸೋಯಾ ಸಾಸ್. ಹೆಸರಿನಲ್ಲಿ ಸೋಯಾ ಇದ್ದರೂ ಸಾಮಾನ್ಯ ಸೋಯಾ ಸಾಸಿನಲ್ಲಿ ಗೋಧಿ ಇರುತ್ತದೆ. ಜಪಾನಿನ ದಂಪತಿಗೆ ಖುಷಿಯಾಗಲಿ ಎಂದು ತರಕಾರಿಗೆ ನಾಲ್ಕು ಹನಿ ಹಾಕಿದರೆ ಜರ್ಮನ್ ಯುವಕನ ಊಟ ಹೋಯಿತು. ಅದನ್ನು ಬಾಟಲಿಯಲ್ಲೇ ಮೇಜಿನ ಆ ತುದಿಯಲ್ಲಿಡಿ.

ಎರಡನೆಯದು ಜೆಲಾಟಿನ್. ಸಿಹಿ ಜೆಲ್ಲಿ, ಪುಡಿಂಗ್, ಮೆತ್ತನೆಯ ಮಿಠಾಯಿಗಳನ್ನು ಗಟ್ಟಿ ಮಾಡಲು ಹಾಕುವ ಇದನ್ನು ಪ್ರಾಣಿಯ ಚರ್ಮ, ಮೂಳೆಗಳಿಂದ ತೆಗೆಯುತ್ತಾರೆ. ಅದು ಹಂದಿಯದ್ದೂ ಆಗಿರುತ್ತದೆ. ಕೊನೆಗೆ ಬಡಿಸುವ ಒಂದು ಬಟ್ಟಲು ಪುಡಿಂಗ್ ಈ ಐವರಲ್ಲಿ ಮೂವರಿಗೆ ಸಲ್ಲದೆ ಹೋಗಬಹುದು. ಕಡಲಪಾಚಿಯಿಂದ ಮಾಡುವ ಅಗರ್ ಅಗರ್ ಹಾಕಿ, ಅಥವಾ ಸುಮ್ನೆ ಹಣ್ಣು ಇಟ್ಟುಬಿಡಿ. ಸಿಹಿಗೆ ಹಾಕುವ ವೆನಿಲಾ ಎಸೆನ್ಸ್ ಹೆಚ್ಚಾಗಿ ಆಲ್ಕೋಹಾಲಿನಲ್ಲಿ ಕರಗಿಸಿದ್ದಾಗಿರುತ್ತದೆ, ಅದನ್ನೂ ನೋಡಿಕೊಳ್ಳಿ.

ಮೂರನೆಯದು ನಿಮ್ಮ ಹಳೆಯ ಸಾಮಾನು. ಮರದ ಸೌಟು, ಗೀರು ಬಿದ್ದ ಮಣೆ, ಜಾಲರಿ, ಬ್ರೆಡ್ ಟೋಸ್ಟರ್ ಇವುಗಳ ಸಂದಿಯಲ್ಲಿ ಗೋಧಿ ಹಿಟ್ಟು ಕೂತಿರುತ್ತದೆ, ತೊಳೆದರೂ ಹೋಗುವುದಿಲ್ಲ. ಗೋಧಿಯದನ್ನು ಕರಿದ ಎಣ್ಣೆಯಲ್ಲಿ ಬೇರೆ ಏನನ್ನೂ ಕರಿಯಬೇಡಿ. ಹೊಸ ಚಾಕು, ಹೊಸ ಮಣೆ ಕೇಳಿದ್ದು ಇದಕ್ಕೇ. ಕೆಲಸದ ಕ್ರಮವೂ ಮುಖ್ಯ: ಮೊದಲು ಗೋಧಿ ಇಲ್ಲದ ಅಡುಗೆ ಎಲ್ಲ ಮುಗಿಸಿ ಮುಚ್ಚಿಡಿ, ಆಮೇಲೆ ಮೀನು, ಕಡೆಗೆ ಬ್ರೆಡ್ ಕತ್ತರಿಸಿ. ಹಿಂದುಮುಂದಾದರೆ ಮತ್ತೆ ಎಲ್ಲ ತೊಳೆಯಬೇಕು.

ಈಗ ಉಳಿದವರು ಇಸ್ರೇಲಿನ ಹಿರಿಯರು. ಇಲ್ಲಿಯೇ ಹೆಚ್ಚಿನವರು ತಪ್ಪುವುದು. "ಸಸ್ಯಾಹಾರ ಮಾಡಿದ್ದೇವಲ್ಲ, ಕೋಷರ್ ತೊಂದರೆ ಇಲ್ಲ" ಎಂದುಕೊಳ್ಳುತ್ತಾರೆ. ಕಟ್ಟುನಿಟ್ಟಾಗಿ ಪಾಲಿಸುವವರಿಗೆ ಪದಾರ್ಥ ಮಾತ್ರವಲ್ಲ, ಪಾತ್ರೆ, ಒಲೆ, ಬೇಯಿಸಿದವರು ಯಾರು ಎಂಬುದೂ ಲೆಕ್ಕಕ್ಕೆ ಬರುತ್ತದೆ. ಅದನ್ನು ನಿಮ್ಮ ಅಡುಗೆಮನೆಯಲ್ಲಿ ಸರಿಪಡಿಸಲು ಆಗುವುದಿಲ್ಲ, ಆಗುತ್ತದೆ ಎಂದು ನಟಿಸಲೂ ಬಾರದು. ಹೀಗೆ ಬರೆದು ಕೇಳಿ: "ಕತ್ತರಿಸದ ಹಣ್ಣು, ಮುಚ್ಚಿದ ನೀರಿನ ಬಾಟಲಿ, ಹೊಸ ಕಾಗದದ ತಟ್ಟೆ, ಹೊಸ ಚಾಕು ಇಡುತ್ತೇನೆ. ಕೋಷರ್ ಗುರುತಿನ ಪೊಟ್ಟಣ ತರಿಸಲೇ? ಯಾವ ಗುರುತು ನಿಮಗೆ ಸರಿ?" ಆ ಗುರುತುಗಳು ಹಲವು ಇವೆ. ವೃತ್ತದೊಳಗೆ ಇಂಗ್ಲಿಷಿನ 'ಯು' ಅಕ್ಷರ ಇರುವುದು ಅದರಲ್ಲಿ ಒಂದು. ತಂದ ಪೊಟ್ಟಣವನ್ನು ನೀವು ಒಡೆಯಬೇಡಿ. ಮುಚ್ಚಿದ್ದನ್ನೇ ಕೊಡಿ, ಅವರೇ ತೆರೆಯಲಿ. ಬಿಸಿ ಮಾಡಿ ಬಟ್ಟಲಿಗೆ ಸುರಿದು ತಂದರೆ ನಿಮ್ಮ ಶ್ರಮವೂ ಹೋಯಿತು, ಅವರ ಊಟವೂ ಹೋಯಿತು.

ಇದೇ ಊಟ ಶುಕ್ರವಾರ ಆಗಿದ್ದರೆ ಲೆಕ್ಕ ಬೇರೆ. ಶುಕ್ರವಾರ ಸೂರ್ಯಾಸ್ತದಿಂದ ಶನಿವಾರ ಕತ್ತಲಾಗುವವರೆಗೆ ಯಹೂದಿಗಳ ಸಬ್ಬತ್. ಆಚರಿಸುವವರು ಆ ಹೊತ್ತಿನಲ್ಲಿ ವಾಹನ ಹತ್ತುವುದಿಲ್ಲ, ದೀಪದ ಸ್ವಿಚ್ಚು ಮುಟ್ಟುವುದಿಲ್ಲ. ಅವರು ಉಳಿಯುವ ಕೋಣೆಗೆ ವಿದ್ಯುತ್ ಕಾರ್ಡಿನ ಬೀಗ ಇದ್ದರೆ ಬಾಗಿಲು ತೆರೆಯುವುದೂ ಸಮಸ್ಯೆ. ಹಾಗೆಯೇ ರಂಜಾನ್ ತಿಂಗಳಾಗಿದ್ದರೆ ಉಪವಾಸ ಮಾಡುವ ಮುಸ್ಲಿಂ ಅತಿಥಿ ಬೆಳಗಿನ ಜಾವದಿಂದ ಸೂರ್ಯಾಸ್ತದವರೆಗೆ ನೀರನ್ನೂ ಕುಡಿಯುವುದಿಲ್ಲ. ಚಾಂದ್ರಮಾನದ ತಿಂಗಳಾದ್ದರಿಂದ ಅದು ಪ್ರತಿ ವರ್ಷ ಹತ್ತು ಹನ್ನೊಂದು ದಿನ ಮುಂಚೆ ಬರುತ್ತದೆ. ದಿನ ಗೊತ್ತು ಮಾಡುವ ಮೊದಲು ಕ್ಯಾಲೆಂಡರ್ ನೋಡಿ.

ಹಂತ 5: ಪಾತ್ರೆಗೊಂದು ಕಾರ್ಡು, ಪಾತ್ರೆಗೊಂದು ಸೌಟು

ಪ್ರತಿ ಪಾತ್ರೆಯ ಮುಂದೆ ಕಾರ್ಡು ಇಡಿ. ಅದರಲ್ಲಿ ತಿನಿಸಿನ ಹೆಸರಿಗಿಂತ ಪದಾರ್ಥಗಳು ಮುಖ್ಯ. ಒಂದನ್ನೂ ಬಿಡದೆ ಬರೆಯಿರಿ, ಎಣ್ಣೆ ಯಾವುದು ಎಂಬುದನ್ನೂ. "ಎಲ್ಲರಿಗೂ ಸುರಕ್ಷಿತ" ಎಂದು ಬರೆಯಬೇಡಿ. ಸುರಕ್ಷಿತವೋ ಅಲ್ಲವೋ ಎಂದು ತೀರ್ಮಾನಿಸುವುದು ತಿನ್ನುವವರಿಗೆ ಬಿಟ್ಟದ್ದು. ಪೊಟ್ಟಣದ ಪದಾರ್ಥ ಬಳಸಿದ್ದರೆ ಖಾಲಿ ಪೊಟ್ಟಣವನ್ನು ಎಸೆಯದೆ ಇಟ್ಟುಕೊಳ್ಳಿ. ಕೇಳಿದವರಿಗೆ ಹಿಂಬದಿಯನ್ನು ತೋರಿಸಿದರೆ ಹತ್ತು ಮಾತು ಉಳಿಯುತ್ತದೆ.

ಮೀನಿನ ಸೌಟು ತರಕಾರಿಗೆ ಬಂದರೆ ಇಷ್ಟು ಹೊತ್ತು ಮಾಡಿದ್ದೆಲ್ಲ ನೀರುಪಾಲು. ಬ್ರೆಡ್ ಬುಟ್ಟಿಯನ್ನು ಮೇಜಿನ ಒಂದು ತುದಿಯಲ್ಲಿ, ಪುಡಿ ಉದುರದ ಜಾಗದಲ್ಲಿಡಿ. ಸೀಲಿಯಾಕ್ ಇರುವವರಿಗೆ ಮೊದಲು ಬಡಿಸಿ, ಆಮೇಲೆ ಉಳಿದವರು ಹಾಕಿಕೊಳ್ಳಲಿ.

ಹಂತ 6: ಬಾಗಿಲಲ್ಲಿ ಒಂದು ಉಸಿರು ಕಾಯಿರಿ

ಸ್ವಾಗತದ ವಿಷಯದಲ್ಲಿ ಗೊಂದಲ ಜಾಸ್ತಿ, ಉಪಾಯ ಮಾತ್ರ ಸರಳ. ನಗುಮುಖದಿಂದ ನಿಲ್ಲಿ, ತಲೆಯನ್ನು ಸ್ವಲ್ಪ ಬಾಗಿಸಿ, ಬಲಗೈಯನ್ನು ಎದೆಯ ಮೇಲಿಡಿ. ಒಂದು ಉಸಿರಿನಷ್ಟು ಹೊತ್ತು ಕಾಯಿರಿ. ಅತಿಥಿ ಕೈ ಚಾಚಿದರೆ ಕೈ ಕೊಡಿ, ಬಾಗಿದರೆ ಬಾಗಿ, ಏನೂ ಮಾಡದಿದ್ದರೆ ನಿಮ್ಮ ನಮಸ್ಕಾರ ಆಗಲೇ ಮುಗಿದಿದೆ. ಯಾರ ಕೈಯೂ ಗಾಳಿಯಲ್ಲಿ ಒಂಟಿಯಾಗಿ ಉಳಿಯುವುದಿಲ್ಲ.

ಇದು ಯಾಕೆ ಬೇಕು? ಧಾರ್ಮಿಕ ಆಚರಣೆಯ ಮುಸ್ಲಿಮರಲ್ಲೂ ಸಂಪ್ರದಾಯಸ್ಥ ಯಹೂದಿಗಳಲ್ಲೂ ಅನೇಕರು ಮನೆಯವರಲ್ಲದ ಪುರುಷ ಅಥವಾ ಸ್ತ್ರೀಯ ಕೈ ಮುಟ್ಟುವುದಿಲ್ಲ. ನಮ್ಮ ಉದಾಹರಣೆಯಲ್ಲಿ ಮಲೇಷ್ಯಾದ ಮಹಿಳೆಗೆ ಮನೆಯ ಯಜಮಾನ ಕೈ ಚಾಚಿದರೆ, ಇಸ್ರೇಲಿನ ಹಿರಿಯರಿಗೆ ಯಜಮಾನತಿ ಕೈ ಚಾಚಿದರೆ, ಎರಡೂ ಕಡೆ ಮುಜುಗರ. ಅದೇ ಜರ್ಮನ್ ಯುವಕ ತಾನಾಗಿಯೇ ಗಟ್ಟಿಯಾಗಿ ಕೈ ಕೊಡಬಹುದು. ಒಬ್ಬರು ಕೈ ಕೊಡಲಿಲ್ಲ ಎಂದರೆ ಅದು ನಿಮಗೆ ಮಾಡಿದ ಅವಮಾನ ಅಲ್ಲ.

ಜಪಾನಿನ ದಂಪತಿ ಬಾಗುತ್ತಾರೆ. ನೀವು ಸೊಂಟದಿಂದ 15 ಡಿಗ್ರಿ ಬಾಗಿದರೆ ಸಾಕು. ಹೆಚ್ಚು ಗೌರವದ ಬಾಗು 30 ಡಿಗ್ರಿ. ಅತಿಥಿಗಳಿಗಿಂತ ಜಾಸ್ತಿ ಬಾಗಲು ಪೈಪೋಟಿ ನಡೆಸಬೇಡಿ. ಅವರು ಮತ್ತೆ ಬಾಗುತ್ತಾರೆ, ಆಟ ಮುಗಿಯುವುದಿಲ್ಲ. ಬಾಗುತ್ತಲೇ ಕೈ ಕುಲುಕಲು ಹೋದರೆ ತಲೆಗೆ ತಲೆ ತಾಗುತ್ತದೆ, ಒಂದು ಮುಗಿದ ಮೇಲೆ ಇನ್ನೊಂದು. ಕೆನ್ನೆಗೆ ಕೆನ್ನೆ ತಾಗಿಸುವ ಫ್ರಾನ್ಸಿನಂಥ ಕಡೆಯವರಲ್ಲಿ ಎಷ್ಟು ಸಲ, ಯಾವ ಕಡೆಯಿಂದ ಎಂಬುದು ಊರಿಂದ ಊರಿಗೆ ಬೇರೆ. ನೀವಾಗಿ ಶುರು ಮಾಡಬೇಡಿ.

ತಲೆಯಾಡಿಸುವುದನ್ನು ನಂಬಬೇಡಿ, ಬಾಯಲ್ಲಿ ಹೇಳಿ. ಬಲ್ಗೇರಿಯಾದಲ್ಲಿ ತಲೆಯನ್ನು ಅತ್ತಿತ್ತ ಅಲ್ಲಾಡಿಸಿದರೆ ಹೌದು, ಮೇಲೆ ಕೆಳಗೆ ಮಾಡಿದರೆ ಇಲ್ಲ. ಹೆಬ್ಬೆರಳು ಎತ್ತಿ ತೋರಿಸುವುದು ಇರಾನಿನಲ್ಲಿ ಹಳೆಯ ಕಾಲದಿಂದ ಬೈಗುಳ. ಕೈಸನ್ನೆ ಬಿಟ್ಟುಬಿಡುವುದೇ ಕ್ಷೇಮ.

ಹೆಸರಿನ ಬಗ್ಗೆ ಒಂದೇ ಪ್ರಶ್ನೆ ಸಾಕು: "ನಿಮ್ಮನ್ನು ಏನೆಂದು ಕರೆಯಲಿ?" ಚೀನಾ, ಕೊರಿಯಾ, ಜಪಾನ್, ಹಂಗೇರಿಗಳಲ್ಲಿ ಮನೆತನದ ಹೆಸರು ಮೊದಲು ಬರುತ್ತದೆ, ಆದರೆ ವಿದೇಶಿಯರಿಗೆ ಬರೆಯುವಾಗ ಕೆಲವರು ತಿರುಗಿಸುತ್ತಾರೆ. ಊಹಿಸಲು ಹೋಗಬೇಡಿ. ಜಪಾನಿನವರನ್ನು ಮನೆತನದ ಹೆಸರಿನ ಜೊತೆ "ಸಾನ್" ಸೇರಿಸಿ ಕರೆಯಬಹುದು. ನಿಮ್ಮ ಸ್ವಂತ ಹೆಸರಿಗೆ ಮಾತ್ರ ಅದನ್ನು ಸೇರಿಸಬೇಡಿ. ಅದು ನಮ್ಮನ್ನು ನಾವೇ "ಅವರು" ಎಂದು ಕರೆದುಕೊಂಡ ಹಾಗೆ. ಅವರು ಹೇಳಿದ ಉಚ್ಚಾರವನ್ನು ಕನ್ನಡದಲ್ಲೇ ಬರೆದು ಹಾಳೆಗೆ ಅಂಟಿಸಿಕೊಳ್ಳಿ.

ಹಂತ 7: ಮೇಜಿನ ಮುಂದೆ

"ಶುರು ಮಾಡಿ" ಎಂದು ಜೋರಾಗಿ ಹೇಳಿ. ಮನೆಯವರು ಹೇಳುವವರೆಗೆ ಕಾಯುವವರು ಬಹಳ. ಯಾರೂ ಹೇಳದೆ ಐದೂ ಜನ ತಣ್ಣಗಾಗುವ ಅನ್ನ ನೋಡುತ್ತಾ ಕೂತಿರುತ್ತಾರೆ. ಕೆಲವರು ಊಟಕ್ಕೆ ಮುಂಚೆ ಪ್ರಾರ್ಥನೆ ಮಾಡುತ್ತಾರೆ, ಆ ಒಂದು ನಿಮಿಷ ಬಡಿಸುವುದು ನಿಲ್ಲಿಸಿ. ಕೊಡುವಾಗ ಬಲಗೈಯಲ್ಲಿ ಅಥವಾ ಎರಡೂ ಕೈಯಲ್ಲಿ ಕೊಡಿ. ಎಡಗೈ ಅನೇಕ ಕಡೆ ಸಲ್ಲದು, ಎರಡು ಕೈ ಎಲ್ಲಿಯೂ ತಪ್ಪಲ್ಲ.

ಬಲವಂತ ಮಾಡಬೇಕೋ ಬೇಡವೋ? ಇರಾನಿನ "ತಾರೋಫ್" ಎಂಬ ಮರ್ಯಾದೆಯ ಪದ್ಧತಿಯಲ್ಲಿ ಅತಿಥಿ ಎರಡು ಮೂರು ಸಲ ಬೇಡ ಎನ್ನುವುದೇ ರೂಢಿ. ಒಂದೇ ಸಲ ಕೇಳಿ ಬಿಟ್ಟರೆ ಅವರು ಹಸಿದು ಏಳುತ್ತಾರೆ. ಜರ್ಮನಿಯವರು ಬೇಡ ಎಂದರೆ ಸಾಮಾನ್ಯವಾಗಿ ಬೇಡ ಅಂತಲೇ. ಮೂರು ಸಲ ಕೇಳಿದರೆ ತಮ್ಮ ಮಾತನ್ನು ನಂಬುತ್ತಿಲ್ಲ ಅಂದುಕೊಳ್ಳುತ್ತಾರೆ. ನಾನು ಮಾಡುವುದು ಹೀಗೆ: ಒಂದು ಸಲ ಕೇಳುತ್ತೇನೆ. ಸ್ವಲ್ಪ ಹೊತ್ತಿನ ಮೇಲೆ ಬೇರೆ ಮಾತಿನಲ್ಲಿ ಇನ್ನೊಂದು ಸಲ. ಆಮೇಲೆ ಪಾತ್ರೆಯನ್ನು ಅವರ ಕೈಗೆ ಎಟಕುವಂತೆ ಇಟ್ಟು ಬೇರೆಯವರ ಕಡೆ ತಿರುಗುತ್ತೇನೆ. ಬೇಕಾದವರು ಹಾಕಿಕೊಳ್ಳುತ್ತಾರೆ. ತಟ್ಟೆಗೆ ನಾನೇ ಸುರಿಯುವುದಿಲ್ಲ, ಅದೂ ಕಾರ್ಡು ನೋಡಿಕೊಂಡು ತಿನ್ನುವವರಿಗೆ ಖಂಡಿತ ಇಲ್ಲ.

ತಟ್ಟೆಯಲ್ಲಿ ಉಳಿಸಿದ್ದಕ್ಕೂ ಅರ್ಥ ಹಲವು. ಜಪಾನಿನವರಿಗೆ ಪೂರ್ತಿ ಮುಗಿಸುವುದು ಮರ್ಯಾದೆ. ಚೀನಾದ ಹಿರಿಯರಲ್ಲಿ ಸ್ವಲ್ಪ ಬಿಟ್ಟರೆ "ಹೊಟ್ಟೆ ತುಂಬಿತು, ಯಥೇಚ್ಛ ಬಡಿಸಿದಿರಿ" ಎಂದು. ಆದ್ದರಿಂದ ಉಳಿದದ್ದನ್ನು ನೋಡಿ ಬೇಸರ ಬೇಡ. ಆದರೆ ಒಬ್ಬರು ತಿನಿಸನ್ನು ತಟ್ಟೆಯಲ್ಲಿ ಅತ್ತಿತ್ತ ಸರಿಸುತ್ತಾ, ಬರೀ ಅನ್ನ ತಿನ್ನುತ್ತಾ, ಒಂದೇ ಪದಾರ್ಥದ ಬಗ್ಗೆ ಎರಡು ಸಲ ಕೇಳಿದರೆ ಏನೋ ಸರಿಯಿಲ್ಲ. ಎಲ್ಲರ ಮುಂದೆ ಕೇಳಬೇಡಿ. ಪಕ್ಕಕ್ಕೆ ಹೋಗಿ ಕಾರ್ಡು ತೋರಿಸಿ, "ಇದರಲ್ಲಿ ಯಾವುದು?" ಎಂದು ಬೆರಳಿಟ್ಟು ತೋರಿಸಲು ಹೇಳಿ.

ಹಂತ 8: ತಪ್ಪಾದರೆ

ಹಾಕಬಾರದ್ದನ್ನು ಹಾಕಿದ್ದು ನಿಮಗೆ ನೆನಪಾದರೆ ಆ ಕ್ಷಣವೇ ಹೇಳಿ. ಅವರು ತಿನ್ನುತ್ತಿದ್ದರೂ ಸರಿ, ತಿಂದು ಮುಗಿಸಿದ್ದರೂ ಸರಿ. "ಸ್ವಲ್ಪವೇ ಅಲ್ವಾ" ಎಂದು ನುಂಗಿಕೊಳ್ಳಬೇಡಿ. ಧರ್ಮದ ವಿಷಯವಾದರೆ ಮುಂದೇನು ಮಾಡಬೇಕೆಂದು ಅವರಿಗೆ ಗೊತ್ತಿರುತ್ತದೆ. ನೀವು ಮುಚ್ಚಿಟ್ಟದ್ದು ಆಮೇಲೆ ತಿಳಿದರೆ ಅದನ್ನು ಸರಿಪಡಿಸಲು ಆಗುವುದಿಲ್ಲ.

ಅಲರ್ಜಿಯಾದರೆ ಮಾತಿಗೆ ಸಮಯವಿಲ್ಲ. ತುಟಿ, ನಾಲಿಗೆ ಊದುವುದು, ಮೈಮೇಲೆ ದದ್ದು, ಧ್ವನಿ ಕಟ್ಟುವುದು, ಉಸಿರಾಟ ಕಷ್ಟವಾಗುವುದು, ತಲೆ ಸುತ್ತುವುದು ಇದರ ಲಕ್ಷಣ. ಅಲರ್ಜಿ ಇರುವ ಅನೇಕರು ಎಪಿನೆಫ್ರಿನ್ ಎಂಬ ಔಷಧ ತುಂಬಿದ, ಪೆನ್ನಿನಂಥ ಚುಚ್ಚುಮದ್ದು ಜೊತೆಯಲ್ಲೇ ಇಟ್ಟುಕೊಂಡಿರುತ್ತಾರೆ. ಅದು ಎಲ್ಲಿದೆ ಎಂದು ಊಟಕ್ಕೆ ಕೂರುವ ಮೊದಲೇ ಕೇಳಿಡಿ. ಅದನ್ನು ತೊಡೆಯ ಹೊರಬದಿಯ ಮಧ್ಯಕ್ಕೆ ಚುಚ್ಚುತ್ತಾರೆ, ಬಟ್ಟೆಯ ಮೇಲಿಂದಲೂ ಆಗುತ್ತದೆ. ಆಂಬುಲೆನ್ಸಿಗೆ ಫೋನ್ ಮಾಡಿ. ಅವರನ್ನು ಮಲಗಿಸಿ, ಕಾಲನ್ನು ಸ್ವಲ್ಪ ಎತ್ತರಿಸಿ. ಉಸಿರಾಟ ಕಷ್ಟವಾದರೆ ಕೂರಿಸಿ. ಎದ್ದು ನಡೆಯಲು ಬಿಡಬೇಡಿ. ಅಲರ್ಜಿಯ ಮಾತ್ರೆ ಈ ಚುಚ್ಚುಮದ್ದಿಗೆ ಬದಲಿ ಅಲ್ಲ. ಚುಚ್ಚಿದ ಮೇಲೆ ಹುಷಾರಾದಂತೆ ಕಂಡರೂ ಆಸ್ಪತ್ರೆಗೆ ಹೋಗಲೇಬೇಕು, ಏಕೆಂದರೆ ಕೆಲವು ಗಂಟೆಗಳ ಮೇಲೆ ಅದು ಮರುಕಳಿಸಬಹುದು.

ಅವರು ಹೊರಟ ಮೇಲೆ

ಪದಾರ್ಥ ಬರೆದ ಕಾರ್ಡುಗಳನ್ನು ಎತ್ತಿಡಿ, ಮುಂದಿನ ಸಲ ಅರ್ಧ ಕೆಲಸ ಉಳಿಯುತ್ತದೆ. ಯಾರ ಧರ್ಮ ಯಾವುದು, ಯಾರಿಗೆ ಏನು ಕಾಯಿಲೆ ಎಂದು ಬರೆದ ಹಾಳೆ ಮಾತ್ರ ಅವರ ಖಾಸಗಿ ವಿಷಯ. ಅದರ ಫೋಟೋ ತೆಗೆದು ಗುಂಪಿಗೆ ಹಾಕಬೇಡಿ, ಅಡುಗೆಮನೆಯ ಗೋಡೆಯಲ್ಲಿ ಬಿಡಬೇಡಿ. ಅದೇ ಅತಿಥಿ ಮತ್ತೆ ಬಂದಾಗ ಹೊಸದಾಗಿ ಕೇಳಿ, ಹಳೆಯದನ್ನು ಹರಿದುಹಾಕಿ.